ಪುರಾವೆ ಕೊಟ್ಟ ಮೇಲೆ ಬರೆಯಬೇಕಾದ ವಾಕ್ಯಗಳು

(ಕಲಬುರಗಿಯಲ್ಲಿ ಎಂ.ಎ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸವನ್ನು ಬರಹಕ್ಕೆ ಇಳಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಸಂಶೋಧನಾ ಪ್ರಬಂಧದ ಗಟ್ಟಿತನ ತಿಳಿಯಬೇಕಾದರೆ ನಾನು ಮೊದಲು ಅದರ ಪೀಠಿಕೆ ನೋಡುವುದಿಲ್ಲ, ಉಪಸಂಹಾರವನ್ನೂ ನೋಡುವುದಿಲ್ಲ. ಅವೆರಡನ್ನು ಎಲ್ಲರೂ ಕಾಳಜಿಯಿಂದ ಬರೆದಿರುತ್ತಾರೆ, ಗೈಡ್ ಕೂಡ ಕೂತು ತಿದ್ದಿರುತ್ತಾರೆ. ಮೂರನೇ ಅಧ್ಯಾಯದ ನಡುವೆ ಎಲ್ಲೋ ಒಂದು ಪುಟ ತೆರೆದು ಒಂದು ಪ್ಯಾರಾ ಓದುತ್ತೇನೆ. ಬರೆದವರು ಅಲ್ಲಿ ಯೋಚನೆ ಮಾಡಿದ್ದಾರೋ ಅಥವಾ ಟಿಪ್ಪಣಿ ಪುಸ್ತಕದಲ್ಲಿ ಇದ್ದದ್ದನ್ನು ಸುರಿದಿದ್ದಾರೋ ಅನ್ನುವುದು ಆ ಹತ್ತು ಸಾಲಿನಲ್ಲೇ ಗೊತ್ತಾಗುತ್ತದೆ.

ಪ್ಯಾರಾ ಹೇಗೆ ಕಟ್ಟಬೇಕು ಅನ್ನುವ ಪಾಠ ನಿಮಗೆಲ್ಲ ಒಮ್ಮೆಯಾದರೂ ಆಗಿದೆ. ಮೊದಲು ಮುಖ್ಯ ವಾಕ್ಯ, ಆಮೇಲೆ ಆಧಾರ, ಆಮೇಲೆ ವಿವರಣೆ. ಇದರಲ್ಲಿ ಮೊದಲ ಎರಡನ್ನು ನಮ್ಮ ವಿದ್ಯಾರ್ಥಿಗಳು ಹೇಗೋ ನಿಭಾಯಿಸುತ್ತಾರೆ. ಮೂರನೆಯದು, ಅಂದರೆ ಈ ಆಧಾರದಿಂದ ಆ ಮಾತಿಗೆ ಹೇಗೆ ಬಂದೆವು, ಬಂದದ್ದರಿಂದ ಏನು ಬದಲಾಯಿತು ಎಂದು ಬಿಡಿಸಿ ಹೇಳುವ ಭಾಗ, ಬಹಳಷ್ಟು ಪ್ರಬಂಧಗಳಲ್ಲಿ ಇರುವುದೇ ಇಲ್ಲ. ಅದರ ಜಾಗದಲ್ಲಿ ‘ಇದು ಗಮನಾರ್ಹವಾಗಿದೆ’ ಎಂಬ ಒಂದು ವಾಕ್ಯ ಕೂತಿರುತ್ತದೆ. ಹಾಗಾಗಿ ಇವತ್ತು ನನ್ನ ಹೆಚ್ಚಿನ ಮಾತು ಆ ಮೂರನೇ ಭಾಗದ ಬಗ್ಗೆ. ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಹತ್ತುವುದಿಲ್ಲ. ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ತೆಗೆದುಕೊಂಡು ಒಂದು ಪ್ಯಾರಾವನ್ನು ಇಲ್ಲೇ ಬಿಚ್ಚಿ ಮತ್ತೆ ಕಟ್ಟೋಣ.

ಉದಾಹರಣೆ ಕನಗನಹಳ್ಳಿಯದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕ, ಭೀಮಾ ದಂಡೆಯಲ್ಲಿದೆ. ಇಲ್ಲಿ ಕೂತವರಲ್ಲಿ ಎಷ್ಟೋ ಜನ ಹೋಗಿ ಬಂದಿರುತ್ತೀರಿ. ಆ ಬಗ್ಗೆ ಬರೆದ ಒಂದು ಪ್ಯಾರಾವನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಇದು ಯಾರ ಥೀಸಿಸ್‌ನಿಂದ ತೆಗೆದದ್ದೂ ಅಲ್ಲ, ಈ ಮಾತಿಗಾಗಿ ನಾನೇ ಬರೆದದ್ದು. ಆದರೆ ಇದರ ಅಚ್ಚು ನಿಮಗೆಲ್ಲ ಪರಿಚಯದ್ದೇ.

“ಸನ್ನತಿಯು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಮೇಲಿರುವ ಒಂದು ಪ್ರಮುಖ ಐತಿಹಾಸಿಕ ಸ್ಥಳವಾಗಿದೆ. ಇಲ್ಲಿ ಪ್ರಸಿದ್ಧವಾದ ಚಂದ್ರಲಾಂಬಾ ದೇವಾಲಯವಿದೆ. 1986ರಲ್ಲಿ ಈ ದೇವಾಲಯದ ಆವರಣದಲ್ಲಿ ಅಶೋಕನ ಶಾಸನವು ದೊರೆತಿದೆ. ಸಮೀಪದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳು ದೊರೆತಿವೆ. ಅಲ್ಲಿನ ಒಂದು ಶಿಲ್ಪದಲ್ಲಿ ‘ರಾಯೊ ಅಸೋಕೊ’ ಎಂಬ ಬರಹವಿದೆ. ಇದರಿಂದ ಅಶೋಕನ ಮುಖಚಹರೆಯು ನಮಗೆ ತಿಳಿದುಬರುತ್ತದೆ. ಇದು ಬಹಳ ಮಹತ್ವದ ಸಂಗತಿಯಾಗಿದೆ.”

ಇದರಲ್ಲಿ ಮೊದಲ ಐದು ವಾಕ್ಯಗಳಲ್ಲಿ ಸುಳ್ಳು ಏನೂ ಇಲ್ಲ. ವ್ಯಾಕರಣದ ತಪ್ಪೂ ಇಲ್ಲ. ಪರೀಕ್ಷೆಯಲ್ಲಿ ಬರೆದರೆ ಅಂಕ ಬಂದೀತು. ಆದರೆ ಪ್ಯಾರಾ ನಿಂತಿಲ್ಲ.

ಮೊದಲ ವಾಕ್ಯ ನೋಡಿ. ಸನ್ನತಿ ಪ್ರಮುಖ ಐತಿಹಾಸಿಕ ಸ್ಥಳ. ಅಲ್ಲ ಅನ್ನುವವರು ಯಾರಿದ್ದಾರೆ? ಯಾರೂ ಅಲ್ಲಗಳೆಯದ ಮಾತಿಗೆ ಆಧಾರ ಕೊಡುವ ಕೆಲಸವೇ ಇರುವುದಿಲ್ಲ. ಹಾಗಾಗಿ ಮುಂದಿನ ವಾಕ್ಯಗಳಿಗೆ ಮಾಡಲು ಕೆಲಸವಿಲ್ಲ, ಒಂದರ ಹಿಂದೆ ಒಂದು ಸುಮ್ಮನೆ ಬಂದು ನಿಲ್ಲುತ್ತವೆ. ಗುಡಿ ಯಾಕೆ ಬಂತು? ಸನ್ನತಿಯಲ್ಲಿ ಇದೆ, ಅದಕ್ಕೆ ಬಂತು. 1986 ಯಾಕೆ ಬಂತು? ಅದೂ ಸನ್ನತಿಯದೇ. ಊರಿನ ಹೆಸರೊಂದೇ ಇವನ್ನೆಲ್ಲ ಹಿಡಿದಿಟ್ಟಿದೆ. ಮುಖ್ಯ ವಾಕ್ಯದ ಕೆಲಸ ವಿಷಯದ ಹೆಸರು ಹೇಳುವುದಲ್ಲ, ವಿಷಯದ ಬಗ್ಗೆ ಒಂದು ನಿಲುವು ಹೇಳುವುದು. ಓದುವವರ ಬಾಯಲ್ಲಿ ‘ಹೌದೇ? ಹೆಂಗ?’ ಅನ್ನುವ ಪ್ರಶ್ನೆ ಬರಬೇಕು. ಆ ಪ್ರಶ್ನೆ ಬಂದರೆ ಮುಂದಿನ ವಾಕ್ಯಗಳಿಗೆ ದಾರಿ ಸಿಕ್ಕಿತು.

ಹಾಗೆ ನೋಡಿದರೆ ಈ ಪ್ಯಾರಾದಲ್ಲೂ ಒಂದು ನಿಲುವು ಇದೆ. ಆದರೆ ಅದು ಆರನೇ ವಾಕ್ಯದಲ್ಲಿ ಅಡಗಿ ಕೂತಿದೆ: ಅಶೋಕನ ಮುಖಚಹರೆ ನಮಗೆ ತಿಳಿಯುತ್ತದೆ. ಇದು ನಿಜವಾಗಿ ದೊಡ್ಡ ಮಾತು. ಯಾರಾದರೂ ‘ಹೌದೇ?’ ಎಂದು ಕೇಳುವಂಥದ್ದು. ಅದಕ್ಕೆ ಕೊಟ್ಟ ಆಧಾರ ಒಂದೇ, ಶಿಲ್ಪದ ಮೇಲಿನ ಬರಹ. ಆಧಾರವೂ ಒಳ್ಳೆಯದೇ. ಹಾಗಾದರೆ ಎಲ್ಲಿ ತಪ್ಪಿತು?

ಇಲ್ಲಿ ಒಂದು ಕೆಲಸ ಮಾಡಿ. ಆಧಾರವನ್ನು ಬರೆಯಿರಿ, ‘ಆದ್ದರಿಂದ’ ಎಂದು ಬರೆಯಿರಿ, ಆಮೇಲೆ ನಿಲುವನ್ನು ಬರೆಯಿರಿ. ಶಿಲ್ಪದ ಮೇಲೆ ‘ರಾಯೊ ಅಸೋಕೊ’ ಎಂದು ಬರೆದಿದೆ. ಆದ್ದರಿಂದ ಅಶೋಕನ ಮುಖ ಹೀಗಿತ್ತು. ಗಟ್ಟಿಯಾಗಿ ಓದಿ. ‘ಆದ್ದರಿಂದ’ ಅನ್ನುವಲ್ಲಿ ಕಾಲು ಜಾರುತ್ತದೆ. ಬರಹದಿಂದ ಮುಖಕ್ಕೆ ಹೋಗಬೇಕಾದರೆ ನಡುವೆ ಇನ್ನೊಂದು ಮಾತು ನಿಜವಾಗಿರಬೇಕು: ಕೆತ್ತಿದವರಿಗೆ ಅಶೋಕನ ಮುಖ ಗೊತ್ತಿತ್ತು. ಈ ಮಾತನ್ನು ಬರೆದವರು ಹೇಳಿಲ್ಲ. ಹೇಳದೆ ನಂಬಿದ್ದಾರೆ, ನಾವೂ ನಂಬಲಿ ಎಂದು ಬಿಟ್ಟಿದ್ದಾರೆ.

ಬ್ರಿಟನ್ನಿನ ತತ್ವಜ್ಞಾನಿ ಸ್ಟೀಫನ್ ಟೌಲ್ಮಿನ್ 1958ರಲ್ಲಿ ವಾದದ ರಚನೆಯನ್ನು ಬಿಡಿಸಿ ತೋರಿಸಿದಾಗ ಇದನ್ನೇ ಎತ್ತಿ ಹಿಡಿದರು. ಒಂದು ಕಡೆ ನಿಲುವು ಇರುತ್ತದೆ, ಇನ್ನೊಂದು ಕಡೆ ಮಾಹಿತಿ ಇರುತ್ತದೆ, ಮಾಹಿತಿಯಿಂದ ನಿಲುವಿಗೆ ದಾಟಲು ಅನುಮತಿ ಕೊಡುವ ಮೂರನೆಯ ಮಾತೊಂದು ಇರುತ್ತದೆ. ದಿನನಿತ್ಯದ ಮಾತುಕತೆಯಲ್ಲಿ ಆ ಮೂರನೆಯದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಬೀಳುವುದಿಲ್ಲ. ಯಾರಾದರೂ ‘ಅದು ಹೆಂಗ?’ ಎಂದು ತಡೆದಾಗ ಮಾತ್ರ ಹೊರಗೆ ಬರುತ್ತದೆ. ವಿದ್ವತ್ ಬರಹದಲ್ಲಿ ಓದುಗರು ಎದುರಿಗೆ ಕೂತಿರುವುದಿಲ್ಲ, ತಡೆದು ಕೇಳಲಾರರು. ಅವರು ಕೇಳಬಹುದಾದದ್ದನ್ನು ನಾವೇ ಕೇಳಿಕೊಂಡು ಉತ್ತರ ಬರೆಯಬೇಕು. ವಿವರಣೆ ಅಂದರೆ ಇಷ್ಟೇ.

ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದರು: “ಮೇಡಂ, ಪುರಾವೆ ಕೊಟ್ಟ ಮ್ಯಾಲ ಮತ್ತ ಬಿಡಿಸಿ ಹೇಳೋದು ಯಾಕ್ರಿ? ಓದೋರು ಶ್ಯಾಣ್ಯಾರ ಇರ್ತಾರಲ್ರಿ.”

ಬಹಳ ಒಳ್ಳೆಯ ಪ್ರಶ್ನೆ. ಓದುವವರು ಶಾಣ್ಯಾರು ಅನ್ನುವುದರಲ್ಲಿ ಅನುಮಾನ ಇಲ್ಲ. ತೊಂದರೆ ಇರುವುದು ಅವರ ಬುದ್ಧಿಯಲ್ಲಿ ಅಲ್ಲ, ಆಧಾರದ ಸ್ವಭಾವದಲ್ಲಿ. ಒಂದು ಆಧಾರ ಒಂದೇ ನಿಲುವಿಗೆ ಒಪ್ಪುವುದು ಅಪರೂಪ. ಕೋರ್ಟಿನಲ್ಲಿ ವಕೀಲರು ಒಂದು ಕಾಗದವನ್ನು ನ್ಯಾಯಾಧೀಶರ ಮೇಜಿನ ಮೇಲಿಟ್ಟು ಸುಮ್ಮನೆ ಕೂತರೆ, ಎದುರು ಪಕ್ಷದ ವಕೀಲರು ಅದೇ ಕಾಗದ ಎತ್ತಿಕೊಂಡು ತಮ್ಮ ಕೇಸು ಗೆಲ್ಲಬಹುದು. ಕನಗನಹಳ್ಳಿಯ ಫಲಕವೂ ಅಂಥದ್ದೇ. ‘ರಾಯೊ ಅಸೋಕೊ’ ಎಂಬ ಬರಹವನ್ನು ಇಟ್ಟುಕೊಂಡು ಒಬ್ಬರು ‘ಅಶೋಕ ಹೀಗೆ ಕಾಣುತ್ತಿದ್ದ’ ಎನ್ನಬಹುದು. ಇನ್ನೊಬ್ಬರು ‘ಅಶೋಕ ಸತ್ತ ಎಷ್ಟೋ ಕಾಲದ ಮೇಲೂ ಭೀಮಾ ತೀರದ ಬೌದ್ಧರು ಅವನನ್ನು ನೆನೆಯುತ್ತಿದ್ದರು’ ಎನ್ನಬಹುದು. ಇಬ್ಬರ ಕೈಯಲ್ಲೂ ಅದೇ ಕಲ್ಲು. ಯಾರ ಮಾತು ನಿಲ್ಲುತ್ತದೆ ಅನ್ನುವುದನ್ನು ಕಲ್ಲು ತೀರ್ಮಾನ ಮಾಡುವುದಿಲ್ಲ, ವಿವರಣೆ ಮಾಡುತ್ತದೆ.

ಈಗ ಯಾವುದು ನಿಲ್ಲುತ್ತದೆ ನೋಡೋಣ. ಇದಕ್ಕೆ ನಾವು ಫಲಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸುಣ್ಣಕಲ್ಲಿನ ಫಲಕ. ಅದರಲ್ಲಿ ರಾಜ, ಜೊತೆಗೆ ರಾಣಿ, ಸುತ್ತ ಛತ್ರ ಹಿಡಿದ, ಚಾಮರ ಹಿಡಿದ ಪರಿಚಾರಿಕೆಯರು. ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಆ ಎರಡು ಪದಗಳು. ಅಶೋಕನ ಆಳ್ವಿಕೆ ಕ್ರಿ.ಪೂ. 232ರ ಸುಮಾರಿಗೆ ಮುಗಿಯಿತು. ಸ್ತೂಪದ ಈ ಶಿಲ್ಪಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ರಿ.ಪೂ. ಒಂದನೇ ಶತಮಾನ ಎನ್ನುವವರಿದ್ದಾರೆ, ಕ್ರಿ.ಶ. ಒಂದು–ಎರಡನೇ ಶತಮಾನಕ್ಕೆ ತರುವವರಿದ್ದಾರೆ.

ಕಾಲದ ಬಗ್ಗೆ ಒಮ್ಮತವಿಲ್ಲ ಎಂದ ಕೂಡಲೇ ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. ಎಲ್ಲ ಅಭಿಪ್ರಾಯಗಳನ್ನೂ ಸಾಲಾಗಿ ಬರೆದು, ಯಾವುದನ್ನೂ ಹಿಡಿಯದೆ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಕಾಗಿಲ್ಲ. ನಿಮ್ಮ ವಾದಕ್ಕೆ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಿ. ಈ ವಾದಕ್ಕೆ ಖಚಿತವಾದ ಇಸವಿ ಬೇಕಾಗಿಲ್ಲ. ಎಲ್ಲಕ್ಕಿಂತ ಹಳೆಯ ಕಾಲವನ್ನೇ ಒಪ್ಪಿಕೊಂಡರೂ ನೂರು ವರ್ಷಕ್ಕಿಂತ ಹೆಚ್ಚಿನ ಅಂತರ ಉಳಿಯುತ್ತದೆ. ಅಂದರೆ ಕೆತ್ತಿದವರು ಯಾರೂ ಅಶೋಕನನ್ನು ಕಣ್ಣಾರೆ ಕಂಡವರಲ್ಲ. ಮುಖಚಹರೆಯ ವಾದಕ್ಕೆ ಬೇಕಾಗಿದ್ದ ಮೂರನೆಯ ಮಾತು ಇಲ್ಲಿಗೆ ಬಿದ್ದುಹೋಯಿತು. ಅದನ್ನು ಎತ್ತಿ ನಿಲ್ಲಿಸಬೇಕಾದರೆ ಅಶೋಕನ ಕಾಲದ ಚಿತ್ರವೊಂದು ಉಳಿದು ಬಂದಿತ್ತು, ಅದನ್ನು ನೋಡಿ ಕೆತ್ತಿದರು ಎಂದು ತೋರಿಸಬೇಕು. ಅದಕ್ಕೆ ಆಧಾರವಿಲ್ಲ.

ನೆನಪಿನ ವಾದಕ್ಕೆ ಬೇಕಾದ ಮೂರನೆಯ ಮಾತು ಯಾವುದು? ಒಂದು ಸಮುದಾಯ ತನ್ನ ಪವಿತ್ರ ಕಟ್ಟಡದ ಮೇಲೆ ಒಬ್ಬ ಹಿಂದಿನ ರಾಜನನ್ನು ಕೆತ್ತಿ ಹೆಸರನ್ನೂ ಬರೆಸಿದರೆ, ಆ ರಾಜ ಅವರಿಗೆ ನೆನಪಿಡಬೇಕಾದವನಾಗಿದ್ದ. ಇದನ್ನು ಒಪ್ಪಲು ಯಾರಿಗೂ ಕಷ್ಟವಿಲ್ಲ. ಅಂತರ ನೂರು ವರ್ಷದ್ದಾದರೂ ನಿಲ್ಲುತ್ತದೆ, ಮುನ್ನೂರರದಾದರೂ ನಿಲ್ಲುತ್ತದೆ. ಇನ್ನೊಂದು ಅನುಮಾನವನ್ನೂ ಹಾಕಿ ನೋಡಿ: ಬರಹವನ್ನು ಶಿಲ್ಪದ ಜೊತೆಗೇ ಕೆತ್ತದೆ ಆಮೇಲೆ ಯಾರೋ ಸೇರಿಸಿದ್ದರೆ? ಆಗ ಮುಖಚಹರೆಯ ವಾದ ಪೂರ್ತಿ ಮುಗಿಯಿತು, ಯಾಕೆಂದರೆ ಆ ಶಿಲ್ಪ ಅಶೋಕನದೇ ಎಂಬುದೂ ಗ್ಯಾರಂಟಿ ಇಲ್ಲ. ನೆನಪಿನ ವಾದಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ಆಮೇಲೆ ಬಂದ ಒಬ್ಬರಿಗೆ ರಾಜನ ಶಿಲ್ಪ ಕಂಡಾಗ ಅಶೋಕನ ಹೆಸರು ಹೊಳೆಯಿತು ಅನ್ನುವುದೂ ನೆನಪೇ ಅಲ್ಲವೇ? ಹೀಗೆ ಅನುಮಾನಗಳನ್ನು ಒಂದೊಂದಾಗಿ ಹಾಕಿ ನೋಡಿದಾಗ ಯಾವ ನಿಲುವು ಬಗ್ಗುತ್ತದೆ, ಯಾವುದು ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ. ಈ ಕೆಲಸ ಬರೆಯುವ ಮೊದಲು ಆಗಬೇಕು. ಎಲ್ಲವನ್ನೂ ಪ್ಯಾರಾದಲ್ಲಿ ತೋರಿಸಬೇಕೆಂದಿಲ್ಲ. ಓದುಗರಿಗೆ ನಿಜವಾಗಿ ಬರಬಹುದಾದ ಒಂದೆರಡು ಅನುಮಾನ ಅಲ್ಲಿ ಬಂದರೆ ಸಾಕು.

ಈಗ ಪ್ಯಾರಾವನ್ನು ಹೊಸದಾಗಿ ಬರೆಯೋಣ.

“ಕನಗನಹಳ್ಳಿಯ ಅಶೋಕ ಫಲಕದಿಂದ ನಮಗೆ ಸಿಗುವುದು ಅಶೋಕನ ರೂಪವಲ್ಲ, ಭೀಮಾ ತೀರದ ಬೌದ್ಧರಲ್ಲಿ ಅವನ ಬಗ್ಗೆ ಉಳಿದಿದ್ದ ನೆನಪು. ಫಲಕದಲ್ಲಿ ರಾಜ, ರಾಣಿ, ಛತ್ರ ಚಾಮರಗಳನ್ನು ಹಿಡಿದ ಪರಿಚಾರಿಕೆಯರಿದ್ದಾರೆ. ‘ರಾಯೊ ಅಸೋಕೊ’ ಎಂಬ ಬ್ರಾಹ್ಮಿ ಬರಹವಿದೆ. ಛತ್ರ ಚಾಮರಗಳು ಯಾವ ರಾಜನಿಗೂ ಸಲ್ಲುವ ಲಾಂಛನಗಳಾದ್ದರಿಂದ, ಬರಹವನ್ನು ಬಿಟ್ಟರೆ ಈ ರಾಜ ಯಾರೆಂದು ಶಿಲ್ಪದಿಂದ ತಿಳಿಯುವುದಿಲ್ಲ. ಶಿಲ್ಪದ ಕಾಲವನ್ನು ಅತಿ ಹಿಂದಕ್ಕೆ, ಕ್ರಿ.ಪೂ. ಒಂದನೇ ಶತಮಾನಕ್ಕೆ ಒಯ್ದರೂ ಅಶೋಕನಿಗೂ ಅದಕ್ಕೂ ನೂರು ವರ್ಷಕ್ಕೂ ಮಿಕ್ಕಿದ ಅಂತರವಿದೆ. ಕೆತ್ತಿದವರಿಗೆ ಅವನ ಮುಖ ಗೊತ್ತಿರುವ ಸಂಭವವಿಲ್ಲ. ಗೊತ್ತಿದ್ದದ್ದು ಅವನ ಹೆಸರು. ಅದೇ ಸ್ತೂಪದಲ್ಲಿ ಶಾತವಾಹನ ಅರಸರ ಹೆಸರುಗಳನ್ನೂ ಹೀಗೆಯೇ ಕೆತ್ತಿರುವುದರಿಂದ, ತಮ್ಮನ್ನು ಆಳಿದ ಅರಸರ ಜೊತೆಗೆ ಮೌರ್ಯ ಅರಸನೊಬ್ಬನೂ ಅಲ್ಲಿಯವರಿಗೆ ಸ್ಮರಣೀಯನಾಗಿದ್ದನೆಂದು ಹೇಳಬಹುದು. ಅಶೋಕನ ಶಾಸನಗಳಲ್ಲಿ ನಾವು ಕೇಳುವುದು ಅಶೋಕನದೇ ದನಿ. ಈ ಫಲಕದಲ್ಲಿ ಅವನ ಬಗ್ಗೆ ಇತರರ ದನಿ ಕೇಳುತ್ತದೆ.”

ಓದುತ್ತಾ ಹೋದಂತೆ ಗಮನಿಸಿ, ಮೊದಲ ಪ್ಯಾರಾದಲ್ಲಿದ್ದ ಗುಡಿ ಹೋಯಿತು, 1986 ಹೋಯಿತು, ತಾಲ್ಲೂಕು ಹೋಯಿತು. ಅವು ಬೇಡದವು ಎಂದಲ್ಲ. ಸನ್ನತಿಯ ಶಾಸನದ ಕತೆ ಬಹಳ ದೊಡ್ಡದು. ಗುಡಿಯ ಮೂರ್ತಿಗೆ ಪೀಠವಾಗಿ ಬಳಸಿದ್ದ ಕಲ್ಲಿನಲ್ಲಿ ಅಶೋಕನ ಬರಹ ಸಿಕ್ಕಿತು, ಮೂರ್ತಿ ಕೂರಿಸಲು ಕೊರೆದ ಗೂಡಿನಿಂದ ನಡುವಿನ ಅಕ್ಷರಗಳು ಹೋಗಿದ್ದವು. ಅದಕ್ಕೆ ಅದರದೇ ಪ್ಯಾರಾ ಬೇಕು, ಅದರದೇ ನಿಲುವು ಬೇಕು. ನಮ್ಮ ಭಾಗದ ವಿದ್ಯಾರ್ಥಿಗಳಿಗೆ ತಮ್ಮ ನೆಲದ ಬಗ್ಗೆ ಇರುವ ಅಭಿಮಾನ ನನಗೆ ಗೊತ್ತು. ಗೊತ್ತಿದ್ದ ಒಳ್ಳೆಯ ಸಂಗತಿ ಯಾವುದೂ ಬಿಟ್ಟುಹೋಗಬಾರದು ಅನ್ನುವ ಪ್ರೀತಿಯಿಂದಲೇ ಎಲ್ಲವನ್ನೂ ಒಂದು ಪ್ಯಾರಾಕ್ಕೆ ತುಂಬುತ್ತಾರೆ. ಆದರೆ ಕೆಲಸವಿಲ್ಲದ ಸಂಗತಿ ಎಷ್ಟೇ ದೊಡ್ಡದಾದರೂ ಪಕ್ಕದ ಸಂಗತಿಯ ಬಲ ಕುಗ್ಗಿಸುತ್ತದೆ. ಯಾವುದು ಆಧಾರ, ಯಾವುದು ಹಿನ್ನೆಲೆ ಎಂದು ಓದುಗರಿಗೆ ಗೊತ್ತಾಗುವುದಿಲ್ಲ.

ಎರಡನೆಯದಾಗಿ ನೋಡಬೇಕಾದ್ದು ವಾಕ್ಯಗಳ ಪಾಲು. ಆಧಾರಕ್ಕೆ ಎರಡು ವಾಕ್ಯ ಹೋದವು. ಅದನ್ನು ಬಿಡಿಸಲು ನಾಲ್ಕು ವಾಕ್ಯ ಬೇಕಾದವು. ಇನ್ನೊಂದು ಸಣ್ಣ ಆಧಾರ, ಶಾತವಾಹನ ಹೆಸರುಗಳದು, ವಿವರಣೆಯ ನಡುವೆಯೇ ಬಂತು. ಮುಖ್ಯ ವಾಕ್ಯ, ಆಮೇಲೆ ಆಧಾರ, ಆಮೇಲೆ ವಿವರಣೆ ಎಂದು ಪಾಠದಲ್ಲಿ ಹೇಳುವಾಗ ಮೂರು ಗೂಡು ಕಣ್ಣಿಗೆ ಬರುತ್ತವೆ. ಬರೆಯುವಾಗ ಹಾಗಿರುವುದಿಲ್ಲ. ಆಧಾರ ಮತ್ತು ವಿವರಣೆ ಹೆಣೆದುಕೊಂಡು ಹೋಗುತ್ತವೆ. ಹೀಗೇ ಇರಬೇಕೆಂಬ ಲೆಕ್ಕ ಇಲ್ಲ. ಆದರೆ ನಿಮ್ಮ ಪ್ಯಾರಾದಲ್ಲಿ ಆಧಾರ ಎಂಟು ವಾಕ್ಯ, ವಿವರಣೆ ಒಂದು ವಾಕ್ಯ ಇದ್ದರೆ, ಅಲ್ಲಿ ಯೋಚನೆಯ ಕೆಲಸವನ್ನು ಓದುಗರ ಮೇಲೆ ಹಾಕಿದ್ದೀರಿ ಎಂದೇ ಅರ್ಥ.

ಮಾನವಿಕ ವಿಷಯಗಳ ಥೀಸಿಸ್‌ಗಳಲ್ಲಿ ಇದು ಇನ್ನೊಂದು ರೂಪದಲ್ಲಿ ಬರುತ್ತದೆ. ಒಬ್ಬ ವಿದ್ವಾಂಸರ ಮಾತು, ಉದ್ಧರಣ ಚಿಹ್ನೆ, ‘ಎಂದು ಅಭಿಪ್ರಾಯಪಡುತ್ತಾರೆ’, ಅಡಿಟಿಪ್ಪಣಿ. ಮತ್ತೊಬ್ಬರ ಮಾತು, ಉದ್ಧರಣ ಚಿಹ್ನೆ, ‘ಎಂದು ಹೇಳಿದ್ದಾರೆ’, ಅಡಿಟಿಪ್ಪಣಿ. ಪುಟಗಟ್ಟಲೆ ಹೀಗೆ ಹೋಗುತ್ತದೆ. ಅಲ್ಲಿ ಬರೆದವರು ಎಲ್ಲಿದ್ದಾರೆ? ಒಬ್ಬ ದೊಡ್ಡವರು ಹೇಳಿದ್ದಾರೆ ಎಂಬುದು ಅವರು ಹೇಳಿದ್ದಾರೆ ಎಂಬುದಕ್ಕೆ ಮಾತ್ರ ಆಧಾರ. ಅವರ ಮಾತು ಸರಿಯೇ, ನಿಮ್ಮ ನಿಲುವಿಗೆ ಅದು ಹೇಗೆ ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂದು ನೀವು ಬರೆಯಬೇಕು. ಉದ್ಧರಣೆ ಮುಗಿದ ಕೂಡಲೇ ಪ್ಯಾರಾ ಮುಗಿದರೆ ಅದು ಇನ್ನೂ ಅರ್ಧ.

ಕೊನೆಯ ವಾಕ್ಯದ ಬಗ್ಗೆ ಸ್ವಲ್ಪ ಹೇಳಬೇಕು. ಹಳೆಯ ಪ್ಯಾರಾದಲ್ಲಿ ‘ಇದು ಬಹಳ ಮಹತ್ವದ ಸಂಗತಿಯಾಗಿದೆ’ ಎಂದಿತ್ತು. ಈ ವಾಕ್ಯವನ್ನು ತೆಗೆದು ಇನ್ನಾವ ಪ್ಯಾರಾದ ಕೊನೆಗೆ ಹಾಕಿದರೂ ಹೊಂದುತ್ತದೆ, ತೊಗರಿ ಬೆಲೆಯ ಬಗ್ಗೆ ಬರೆದದ್ದಾದರೂ ಸರಿ, ವಚನಗಳ ಬಗ್ಗೆ ಬರೆದದ್ದಾದರೂ ಸರಿ. ಎಲ್ಲಿಗೂ ಹೊಂದುವ ವಾಕ್ಯ ಇಲ್ಲಿಯದಲ್ಲ. ಮಹತ್ವ ಇದೆ ಎಂದು ಹೇಳಿದರೆ ಸಾಲದು, ಏನು ಬದಲಾಯಿತು ಎಂದು ಹೇಳಬೇಕು. ಈ ಫಲಕ ಇಲ್ಲದಿದ್ದರೆ ನಮಗೆ ಏನು ಗೊತ್ತಿರುತ್ತಿರಲಿಲ್ಲ? ಹಾಗೆ ಕೇಳಿಕೊಂಡರೆ ಉತ್ತರ ತಾನಾಗಿ ಬರುತ್ತದೆ. ಶಾಸನ ಹಾಕಿಸಿದವನು ಅಶೋಕ, ಅದರಲ್ಲಿ ತನ್ನ ಬಗ್ಗೆ ತಾನು ಹೇಳಿಕೊಂಡಿದ್ದಾನೆ. ಜನ ಅವನನ್ನು ಹೇಗೆ ಕಂಡರು ಎಂಬುದು ಅಲ್ಲಿ ಸಿಗುವುದಿಲ್ಲ. ಬಹುತೇಕ ಶಾಸನಗಳಲ್ಲಿ ಅವನು ‘ದೇವಾನಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಲ್ಲೇ ಕಾಣಿಸಿಕೊಳ್ಳುತ್ತಾನೆ. ಅಶೋಕ ಎಂಬ ಹೆಸರು ಮಸ್ಕಿಯಂಥ ಕೆಲವೇ ಕಡೆ ಇದೆ. ಕನಗನಹಳ್ಳಿಯವರು ಕೆತ್ತಿಸಿದ್ದು ಆ ಹೆಸರನ್ನು. ಇದು ಮುಂದಿನ ಪ್ಯಾರಾಕ್ಕೆ ಒಳ್ಳೆಯ ನಿಲುವು ಆಗಬಹುದು, ಈ ಪ್ಯಾರಾದ ಕೊನೆಗೆ ಅದನ್ನು ತುರುಕಬಾರದು. ಕೊನೆಯ ವಾಕ್ಯದಲ್ಲಿ ಹೊಸ ನಿಲುವು ಎತ್ತಿದರೆ ಅದಕ್ಕೆ ಆಧಾರ ಕೊಡಲು ಜಾಗವಿರುವುದಿಲ್ಲ.

ಮಹತ್ವ ಹೇಳುವಾಗ ಅಳತೆ ತಪ್ಪುವುದು ಇನ್ನೊಂದು ತೊಂದರೆ. ‘ಇದರಿಂದ ಇಡೀ ದಕ್ಷಿಣ ಭಾರತದ ಜನ ಅಶೋಕನನ್ನು ಆರಾಧಿಸುತ್ತಿದ್ದರೆಂದು ತಿಳಿಯುತ್ತದೆ’ ಎಂದು ಬರೆದವರನ್ನು ಕಂಡಿದ್ದೇನೆ. ಒಂದು ಸ್ತೂಪ, ಒಂದು ಫಲಕ, ಎರಡು ಪದ. ಅದರ ಮೇಲೆ ಇಡೀ ದಕ್ಷಿಣ ಭಾರತವನ್ನು ಹೇರಲಾಗದು. ಆರಾಧನೆ ಬೇರೆ, ನೆನಪು ಬೇರೆ. ನಾನು ‘ಅಲ್ಲಿಯವರಿಗೆ’, ‘ಹೇಳಬಹುದು’ ಎಂದು ಬರೆದದ್ದು ಹೆದರಿ ಅಲ್ಲ. ಆಧಾರ ಎಷ್ಟು ಹೊರುತ್ತದೋ ಅಷ್ಟೇ ಹೊರಿಸಿದ್ದೇನೆ. ವೈವಾದಲ್ಲಿ ಪರೀಕ್ಷಕರು ಮೊದಲು ಬೆರಳಿಡುವುದು ಇಂಥ ದೊಡ್ಡ ವಾಕ್ಯಗಳ ಮೇಲೆಯೇ. ಸಣ್ಣ ನಿಲುವನ್ನು ಗಟ್ಟಿಯಾಗಿ ನಿಲ್ಲಿಸಿದ ಪ್ಯಾರಾವನ್ನು ಯಾರೂ ಅಲ್ಲಾಡಿಸಲಾರರು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಆಗಿರುವುದರಿಂದ’, ‘ಇದ್ದುದರಿಂದ’ ಎಂದು ಎಳೆಯುತ್ತಾ ಹೋದರೆ ನಿಲುವು ಐದನೇ ಸಾಲಿನ ತುದಿಗೆ ಹೋಗಿ, ‘ಎಂಬುದನ್ನು ಕಾಣಬಹುದಾಗಿದೆ’ ಎಂಬ ಬಾಲದ ಕೆಳಗೆ ಮುಚ್ಚಿಹೋಗುತ್ತದೆ. ಮುಖ್ಯ ವಾಕ್ಯವನ್ನು ಗಿಡ್ಡದಾಗಿ ಬರೆಯಿರಿ, ಆ ಬಾಲವನ್ನು ಕತ್ತರಿಸಿ. ‘ಎಂದು ಹೇಳಲಾಗಿದೆ’ ಎಂದು ಬರೆಯುವಾಗ ಯಾರು ಹೇಳಿದ್ದಾರೆ ಎಂದು ಕೇಳಿಕೊಳ್ಳಿ. ಹೆಸರು ಗೊತ್ತಿದ್ದರೆ ಬರೆಯಿರಿ. ನಿಮ್ಮದೇ ಮಾತಾಗಿದ್ದರೆ ನಿಮ್ಮದೆಂದೇ ಬರೆಯಿರಿ.

ಮುಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಕೇಳಿದರು: “ಮೇಡಂ, ಮುಖ್ಯ ವಾಕ್ಯ ಪ್ರತಿ ಪ್ಯಾರಾದಾಗ ಮೊದಲೇ ಬರಬೇಕೇನ್ರಿ? ದೊಡ್ಡ ದೊಡ್ಡ ಲೇಖಕರ ಬರಹದಾಗ ಹಂಗ ಕಾಣಂಗಿಲ್ಲಲ್ರಿ.”

ಅವರು ಕಂಡದ್ದು ನಿಜ. 1974ರಲ್ಲಿ ರಿಚರ್ಡ್ ಬ್ರಾಡಕ್ ಎಂಬ ಅಮೆರಿಕದ ಪ್ರಾಧ್ಯಾಪಕರು ಪತ್ರಿಕೆಗಳಲ್ಲಿ ಬಂದ ವೃತ್ತಿಪರ ಲೇಖಕರ ಪ್ರಬಂಧಗಳನ್ನು ತೆಗೆದುಕೊಂಡು ಪ್ಯಾರಾ ಪ್ಯಾರಾ ಎಣಿಸಿದರು. ಮುಖ್ಯ ವಾಕ್ಯದಿಂದ ಶುರುವಾಗುವ ಪ್ಯಾರಾಗಳು ನೂರಕ್ಕೆ 13ರಷ್ಟು ಮಾತ್ರ ಇದ್ದವು. ಪಾಠಪುಸ್ತಕಗಳು ಹೇಳುತ್ತಿದ್ದದ್ದಕ್ಕೂ ಇದಕ್ಕೂ ಬಹಳ ದೂರ. ಆದರೆ ಅವರು ಎಣಿಸಿದ್ದು ಪತ್ರಿಕೆಯ ಪ್ರಬಂಧಗಳನ್ನು. ಅವನ್ನು ಜನ ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಥೀಸಿಸ್ ಅನ್ನು ಹಾಗೆ ಓದುವವರು ಕಡಿಮೆ. ಪರೀಕ್ಷಕರು ಪುಟ ತಿರುವುತ್ತಾ ಮೊದಲ ವಾಕ್ಯಗಳ ಮೇಲೆ ಕಣ್ಣಾಡಿಸುತ್ತಾರೆ, ಮುಂದೆ ಅದೇ ವಿಷಯದ ಮೇಲೆ ಕೆಲಸ ಮಾಡುವವರು ತಮಗೆ ಬೇಕಾದ ಪ್ಯಾರಾ ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ವಿದ್ವತ್ ಬರಹದಲ್ಲಿ ನಿಲುವನ್ನು ಮೊದಲಿಡುವುದು ಓದುಗರಿಗೆ ಅನುಕೂಲ. ಕೆಲವೊಮ್ಮೆ ಒಂದು ನಿಲುವು ಎರಡು ಮೂರು ಪ್ಯಾರಾಗಳಿಗೆ ಹಬ್ಬುತ್ತದೆ. ಆಗ ಎರಡನೇ ಪ್ಯಾರಾದ ಮೊದಲಲ್ಲಿ ಅದನ್ನೇ ಮತ್ತೆ ಬರೆಯಬೇಕಿಲ್ಲ. ಒಂದು ಸಂಶಯ ಬಂದರೆ ಹೀಗೆ ಮಾಡಿ: ಅಧ್ಯಾಯದ ಎಲ್ಲ ಪ್ಯಾರಾಗಳ ಮೊದಲ ವಾಕ್ಯಗಳನ್ನು ಮಾತ್ರ ಬೇರೆ ಹಾಳೆಗೆ ಬರೆದುಕೊಂಡು ಓದಿ. ವಾದ ಮುಂದೆ ಸಾಗುವುದು ಕಂಡರೆ ಸರಿಯಿದೆ. ಬರೀ ಊರು, ಇಸವಿ, ಹೆಸರುಗಳ ಪಟ್ಟಿ ಕಂಡರೆ ನಿಲುವುಗಳು ಒಳಗೆಲ್ಲೋ ಹೂತಿವೆ, ಮೇಲಕ್ಕೆ ತರಬೇಕು.

ಕೊನೆಗೆ ಕೃಷಿ ವಿಜ್ಞಾನದ ವಿದ್ಯಾರ್ಥಿಯೊಬ್ಬರು ಎದ್ದರು. “ನಮ್ಮದರಾಗ ಹಂಗ ನಡ್ಯಂಗಿಲ್ರಿ ಮೇಡಂ. ಫಲಿತಾಂಶದ ಅಧ್ಯಾಯ ಬ್ಯಾರೆ, ಚರ್ಚೆಯ ಅಧ್ಯಾಯ ಬ್ಯಾರೆ. ಆಧಾರದ ಹಿಂದೇ ವಿವರಣಾ ಬರದ್ರ ಗೈಡ್ ಕೆಂಪು ಗೆರಿ ಹೊಡಿತಾರ್ರಿ.”

ಅವರ ಗೈಡ್ ಮಾಡುವುದು ಸರಿ. ವಿಜ್ಞಾನದ ಬರಹದಲ್ಲಿ ಈ ಎರಡನ್ನು ಬೇರೆ ಬೇರೆ ಇಡುವುದಕ್ಕೆ ಕಾರಣವಿದೆ. ನೀವು ಕೊಟ್ಟ ವಿವರಣೆಯನ್ನು ಒಪ್ಪದವರೂ ನಿಮ್ಮ ಅಂಕಿಗಳನ್ನು ಮಾತ್ರ ತೆಗೆದುಕೊಂಡು ಹೋಗಲು ಅನುಕೂಲವಾಗಲಿ ಎಂದು. ಆದರೆ ವಿವರಣೆ ಬಿಟ್ಟುಹೋಗುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೇ. ಫಲಿತಾಂಶದ ಪ್ಯಾರಾಕ್ಕೂ ಒಂದು ಮುಖ್ಯ ವಾಕ್ಯ ಇರುತ್ತದೆ: ‘ನೆಟೆ ರೋಗ ಎರಡನೇ ತಳಿಯಲ್ಲಿ ಮೊದಲನೆಯದಕ್ಕಿಂತ ಕಡಿಮೆ ಕಂಡಿತು.’ ಅದರ ಕೆಳಗೆ ಅಂಕಿಗಳು. ಬರೀ ‘ಕೋಷ್ಟಕ ನಾಲ್ಕನ್ನು ನೋಡಿ’ ಎಂದು ಬಿಟ್ಟರೆ ಅದು ಪ್ಯಾರಾ ಅಲ್ಲ. ಆಮೇಲೆ ಚರ್ಚೆಯ ಅಧ್ಯಾಯದಲ್ಲಿ ನಿಲುವು: ‘ಎರಡನೇ ತಳಿಗೆ ನೆಟೆ ರೋಗ ತಡೆಯುವ ಶಕ್ತಿ ಇದೆ.’ ಈಗ ಇಲ್ಲೂ ‘ಆದ್ದರಿಂದ’ ಹಾಕಿ ನೋಡಿ. ರೋಗ ಕಡಿಮೆ ಕಂಡಿತು. ಆದ್ದರಿಂದ ತಳಿಗೆ ಶಕ್ತಿ ಇದೆ. ನಡುವೆ ಯಾವ ಮಾತು ಅಡಗಿದೆ?

ಅವರು ಸ್ವಲ್ಪ ಹೊತ್ತು ಯೋಚಿಸಿ, “ಎರಡೂ ಹೊಲದ ಮಣ್ಣು ಒಂದೇ ಇರಬೇಕ್ರಿ” ಎಂದರು.

ಅದೇ. ತೊಗರಿಯ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ, ಹಿಂದಿನ ಬೆಳೆಯ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎರಡನೇ ತಳಿ ಬಿತ್ತಿದ ತುಂಡಿನಲ್ಲಿ ಹಿಂದಿನ ವರ್ಷಗಳಲ್ಲಿ ಜೋಳ ಇದ್ದು, ಮೊದಲನೆಯದರಲ್ಲಿ ತೊಗರಿಯ ಮೇಲೆ ತೊಗರಿ ಬಿತ್ತಿದ್ದರೆ, ರೋಗ ಕಡಿಮೆಯಾದದ್ದು ತಳಿಯಿಂದಲೋ ಮಣ್ಣಿನಿಂದಲೋ ಹೇಳಲಾಗದು. ಅದೇ ಅಂಕಿ, ಎರಡು ನಿಲುವು. ಹಾಗಾಗಿ ಚರ್ಚೆಯ ಪ್ಯಾರಾದಲ್ಲಿ ನಿಲುವು ಹೇಳಿದ ಮೇಲೆ, ಎರಡೂ ತಳಿಗಳನ್ನು ಒಂದೇ ಹೊಲದಲ್ಲಿ ಚೀಟಿ ಎತ್ತಿದಂತೆ ಹಂಚಿ ಬಿತ್ತಿದ್ದೀರಿ, ಪ್ರತಿ ತಳಿಯೂ ಹೊಲದ ಬೇರೆ ಬೇರೆ ಮೂಲೆಗಳಲ್ಲಿ ಹಲವು ಸಲ ಬಂದಿದೆ, ಆದ್ದರಿಂದ ಮಣ್ಣಿನ ವ್ಯತ್ಯಾಸ ಒಂದೇ ತಳಿಯ ಪಾಲಿಗೆ ಹೋಗುವ ಸಂಭವ ಕಡಿಮೆ ಎಂದು ಬರೆಯಬೇಕು. ಪ್ರಯೋಗದ ವಿಧಾನದ ಅಧ್ಯಾಯದಲ್ಲಿ ಅದನ್ನು ಈಗಾಗಲೇ ಬರೆದಿರುತ್ತೀರಿ, ನಿಜ. ಆದರೆ ಅಲ್ಲಿ ಅದು ನೀವು ಮಾಡಿದ ಕೆಲಸದ ವರದಿ. ಇಲ್ಲಿ ಅದೇ ಸಂಗತಿ ನಿಮ್ಮ ನಿಲುವನ್ನು ಹೊತ್ತು ನಿಂತಿರುತ್ತದೆ. ಹಾಗೆ ಹಂಚಿ ಬಿತ್ತಿರದಿದ್ದರೆ, ತಳಿಗೆ ಶಕ್ತಿ ಇದೆ ಎಂಬ ವಾಕ್ಯವನ್ನು ಅಳಿಸಿ, ರೋಗ ಕಡಿಮೆ ಕಂಡಿತು, ಅದು ತಳಿಯಿಂದಲೋ ಮಣ್ಣಿನಿಂದಲೋ ಬೇರ್ಪಡಿಸಲು ಮರುಪ್ರಯೋಗ ಬೇಕು ಎಂದು ಬರೆಯಿರಿ. ಆ ಪ್ಯಾರಾವನ್ನು ಓದಿದ ರೈತರೊಬ್ಬರು ಬೀಜ ಬದಲಿಸುವ ಮೊದಲು ತಮ್ಮ ಹೊಲದ ಹಿಂದಿನ ಬೆಳೆ ಯಾವುದೆಂದು ನೋಡಿಕೊಳ್ಳುತ್ತಾರೆ.